ಬಾಟಲಿ ಯಾರ ಮನೇಲಿದೆ? 72 ಸೆಕೆಂಡಿನ ಲಗ್ನಪತ್ರಿಕೆ ಮಾಡಿದ ಲೆಕ್ಕ

ತಂಗಿಯ ಮದುವೆಗೆ ವಿಡಿಯೊ ಲಗ್ನಪತ್ರಿಕೆ ಮಾಡುವ ಕೆಲಸ ನನ್ನ ತಲೆಗೆ ಬಂತು. ಕಾರಣ ಇಷ್ಟೇ, ಮನೆಯಲ್ಲಿ ಲ್ಯಾಪ್‌ಟಾಪ್ ಇರುವುದು ನನ್ನ ಹತ್ತಿರ ಮಾತ್ರ. ಪುಟ್ಟಿ (ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ) ಹೇಳಿದ್ದು ಮೂರೇ ಮಾತು: ‘ಅಣ್ಣ, ನಾವಿಬ್ಬರೂ ಹೇಗೆ ಸಿಕ್ಕಿದ್ವಿ ಅಂತ ಇರಬೇಕು. ನಗು ಬರಬೇಕು. ದೊಡ್ಡಪ್ಪನ ಫೋನಲ್ಲೂ ಓಡಬೇಕು.’

ಸಂಜೆ ಸಂಜೆ ಕೂತು ಮೂರು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ಹೋಗಿದ್ದು ಮಾತು ಬರೆಯುವುದಕ್ಕೆ, ಸರಿಯಾಗಿ ಹೇಳಬೇಕೆಂದರೆ ಬರೆದ ಮಾತು ಹೊಡೆದು ಹಾಕುವುದಕ್ಕೆ. ಕ್ಯಾಮೆರಾ ಹಿಡಿದಿದ್ದು ಒಂದೇ ದಿನ. ಆಗ ಪುಸ್ತಕದಲ್ಲಿ ಗೀಚಿಕೊಂಡಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ವಾರ: ಕಥೆ ಕೇಳಿದ್ದು

ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಫೋನಿನ ರೆಕಾರ್ಡರ್ ಒತ್ತಿ, ‘ಏನಾಯ್ತು ಹೇಳಿ’ ಅಂದೆ. ಬೇರೆ ಬೇರೆ ಕೂರಿಸಿದ್ದು ಒಳ್ಳೆಯದಾಯಿತು. ಒಟ್ಟಿಗೆ ಕೂತರೆ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ‘ಹಾಗಲ್ಲ ಹಾಗಲ್ಲ’ ಅನ್ನುತ್ತಾರೆ, ಅಷ್ಟೇ. ಬೇರೆ ಬೇರೆ ಹೇಳಿದಾಗ ಎರಡೂ ಕಡೆ ಬಂದ ವಿವರ ಯಾವುದು ಅಂತ ಗೊತ್ತಾಗುತ್ತದೆ. ನಿಜವಾಗಿ ಮನಸ್ಸಲ್ಲಿ ಉಳಿದಿರುವುದು ಅದೇ.

ಕಥೆ ಹೀಗೆ. ಪುಟ್ಟಿ ಸಾಗರದಿಂದ ಬೆಂಗಳೂರಿಗೆ ಬೆಳಗಿನ ರೈಲಲ್ಲಿ ಹೊರಟಿದ್ದಳು. ಬ್ಯಾಗಿನಲ್ಲಿ ಅಜ್ಜಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ, ಗಾಜಿನ ಬಾಟಲಿಯಲ್ಲಿ. ನಮ್ಮ ಕಡೆ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ. ಉಪ್ಪುನೀರು, ಸಾಸಿವೆ, ಮೆಣಸಿನಪುಡಿ ಸೇರಿದ ಕೆಂಪು ರಸ. ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು, ದಾರಿ ಹುಡುಕಿಕೊಳ್ಳುತ್ತದೆ. ಬ್ಯಾಗು ಮೇಲಿನ ರ‍್ಯಾಕಿನಲ್ಲಿತ್ತು. ತಿಪಟೂರಿನಲ್ಲಿ ಹತ್ತಿದ ಹುಡುಗ ಬಿಳಿ ಅಂಗಿ ಹಾಕಿಕೊಂಡು ಸರಿಯಾಗಿ ಅದರ ಕೆಳಗೆ ಕೂತ. ಆಮೇಲೆ ಆಗಿದ್ದನ್ನು ನೀವೇ ಊಹಿಸಬಹುದು. ಹುಡುಗ ಬೈಯಲಿಲ್ಲ. ಬುತ್ತಿಯಿಂದ ಮೊಸರನ್ನದ ಡಬ್ಬಿ ತೆಗೆದು, ‘ಚೆಲ್ಲಿದ್ದು ಚೆಲ್ತು, ಉಳಿದಿದ್ದು ಇದಕ್ಕೆ ಹಾಕಿ’ ಅಂದ.

ಈ ಒಂದು ಮಾತು ಎರಡು ರೆಕಾರ್ಡಿಂಗಿನಲ್ಲೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಹಾಗೇ ಇತ್ತು. ಗುರುತು ಹಾಕಿಕೊಂಡೆ.

ಇನ್ನೊಂದು ಅವರಿಬ್ಬರಿಗೂ ದೊಡ್ಡದು ಅನಿಸಿರಲಿಲ್ಲ, ಸುಮ್ನೆ ಮಾತಿನ ನಡುವೆ ಬಂದು ಹೋಯಿತು. ಬಾಟಲಿಯಲ್ಲಿ ಉಳಿದಿದ್ದನ್ನು ಪುಟ್ಟಿ ಅವನಿಗೇ ಕೊಟ್ಟಳು, ಅಂಗಿ ಹಾಳು ಮಾಡಿದ ತಪ್ಪಿಗೆ. ಕೆಲವು ವಾರದ ನಂತರ ಬಾಟಲಿ ವಾಪಸ್ ಬಂತು, ತುಂಬಾ ಕೊಬ್ಬರಿ ಮಿಠಾಯಿ ತುಂಬಿಕೊಂಡು. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ಅವರಮ್ಮ ಹೇಳಿದ್ದರಂತೆ. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಹಾಗಾಗಿ ಬಾಟಲಿ ಹಪ್ಪಳ, ಚಕ್ಕುಲಿ, ತೊಡೆದೇವು ತುಂಬಿಕೊಂಡು ಎರಡು ವರ್ಷ ಓಡಾಡಿತು. ಮನೆಯಲ್ಲಿ ಸುದ್ದಿ ಗೊತ್ತಾಗಿದ್ದೂ ಬಾಟಲಿ ಕಾಣದೆ ಅಜ್ಜಿ ಹುಡುಕಾಡಿದ ಮೇಲೆ.

ಮೊದಲ ಕರಡು: 430 ಪದ

ಸಿಕ್ಕಿದ್ದನ್ನೆಲ್ಲ ತುರುಕಿ ಬರೆದೆ. ರೈಲು ಬಂತು, ಮೊದಲ ಫೋನ್ ಬಂತು, ಬೆಂಗಳೂರಿನ ಮಳೆ ಬಂತು, ಹುಡುಗ ಮೊದಲ ಸಲ ಮನೆಗೆ ಬಂದಾಗ ನಮ್ಮ ನಾಯಿ ಅಟ್ಟಿಸಿಕೊಂಡು ಹೋಗಿದ್ದೂ ಬಂತು. ಜೋರಾಗಿ ಓದಿ ಗಡಿಯಾರ ನೋಡಿದರೆ 4 ನಿಮಿಷ 10 ಸೆಕೆಂಡ್.

ಈ ಲೆಕ್ಕ ಮೊದಲೇ ಮಾಡಿಕೊಳ್ಳಬೇಕಿತ್ತು. ಕನ್ನಡದ ಪದಗಳು ಉದ್ದ. ‘ಕಳಿಸಿಕೊಡಬೇಕಾಗಿತ್ತಂತೆ’ ಅನ್ನುವುದು ಎಣಿಕೆಗೆ ಒಂದೇ ಪದ, ಹೇಳುವುದಕ್ಕೆ ಒಂದೂವರೆ ಸೆಕೆಂಡ್. ಆತುರವಿಲ್ಲದೆ, ಅಜ್ಜಿಯಂದಿರಿಗೂ ಅರ್ಥ ಆಗುವ ಹಾಗೆ ಹೇಳಿದರೆ ನನ್ನ ಬಾಯಲ್ಲಿ ನಿಮಿಷಕ್ಕೆ ನೂರು ಪದದ ಆಸುಪಾಸು ಬಂತು. ವಿಡಿಯೊ ಒಂದೂಕಾಲು ನಿಮಿಷದ ಒಳಗೆ ಮುಗಿಯಬೇಕು ಅಂದರೆ, ಕೊನೆಯಲ್ಲಿ ದಿನಾಂಕ ಓದಿಕೊಳ್ಳಲು 8 ಸೆಕೆಂಡ್ ಬಿಡಬೇಕು, ನಡುವೆ ಮಾತಿಲ್ಲದ ಜಾಗ 6 ಸೆಕೆಂಡ್. ಮಾತಿಗೆ ಉಳಿಯುವುದು ಹೆಚ್ಚುಕಡಿಮೆ ಒಂದು ನಿಮಿಷ. ಅಂದರೆ ನೂರು ಪದ. ನಾಲ್ಕರಲ್ಲಿ ಮೂರು ಭಾಗಕ್ಕಿಂತ ಜಾಸ್ತಿ ಹೊಡೆದು ಹಾಕಬೇಕು.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಪ್ರತಿ ವಾಕ್ಯವನ್ನೂ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡಿದೆ. ಬಂದಿದ್ದು ವರದಿ ತರಹ ಇತ್ತು: ರೈಲಿನಲ್ಲಿ ಭೇಟಿ, ನಂತರ ಪರಿಚಯ, ನಂತರ ಸ್ನೇಹ, ನಂತರ ಮನೆಯವರ ಒಪ್ಪಿಗೆ. ಯಾರ ಮದುವೆಗೆ ಬೇಕಾದರೂ ಹಾಕಬಹುದಾದ ಮಾತು. ಓದಿ ಕೇಳಿಸಿದಾಗ ಪುಟ್ಟಿ ಆಕಳಿಸಿದಳು.

ಆಮೇಲೆ ಬೇರೆ ರೀತಿ ಕತ್ತರಿಸಿದೆ. ಬಾಟಲಿ ಇಲ್ಲದ ವಾಕ್ಯ ಯಾವುದಿದೆಯೋ ಅದು ಪೂರ್ತಿ ಹೊರಗೆ. ಮಳೆ ಹೋಯಿತು, ಫೋನು ಹೋಯಿತು. ನಾಯಿ ಹೋದಾಗ ಹೊಟ್ಟೆ ಉರಿಯಿತು, ಏಕೆಂದರೆ ಎಲ್ಲಕ್ಕಿಂತ ಜಾಸ್ತಿ ನಗು ಬಂದಿದ್ದು ಅಲ್ಲೇ. ಆದರೆ ನಾಯಿಯ ಕಥೆ ಹೇಳಲು ಹುಡುಗ ಮನೆಗೆ ಯಾಕೆ ಬಂದ ಅಂತ ಹೇಳಬೇಕು, ಅದಕ್ಕೇ ಹದಿನೈದು ಸೆಕೆಂಡ್ ಬೇಕು. ಕೈಬಿಟ್ಟೆ. ಉಳಿದಿದ್ದು 140 ಪದ, ಒಂದೇ ದಾರ.

ಯಾರು ಹೇಳಬೇಕು

ಇದಕ್ಕೆ ನಾಲ್ಕು ಸಂಜೆ ಹೋಯಿತು. ಹುಡುಗ ಹುಡುಗಿಯೇ ಹೇಳಿದರೆ ಹೇಗೆ ಅಂತ ಮೊದಲು ನೋಡಿದೆವು. ಇಬ್ಬರೂ ಕ್ಯಾಮೆರಾ ಮುಂದೆ ನಾಚಿಕೊಂಡು ಗಟ್ಟಿಯಾದರು. ಅದಕ್ಕಿಂತ ಹೆಚ್ಚಾಗಿ ಅಮ್ಮನಿಗೆ ಕಸಿವಿಸಿ: ‘ಅವಳೇ ಬಾಯಿಬಿಟ್ಟು ನಾನು ಹೀಗೆ ಹುಡುಗನ್ನ ನೋಡ್ಕೊಂಡೆ ಅಂದ್ರೆ ಊರಲ್ಲಿ ಏನಂತಾರೆ?’ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ವಿಡಿಯೊ ಹೋಗುವುದು ಅಮ್ಮನ ಅಕ್ಕತಂಗಿಯರಿಗೆ, ನನ್ನ ಗೆಳೆಯರಿಗಲ್ಲ.

ಬಾಟಲಿಯೇ ಮಾತಾಡಿದರೆ? ‘ನಾನೊಂದು ಉಪ್ಪಿನಕಾಯಿ ಬಾಟಲಿ’ ಅಂತ ಶುರು ಮಾಡಿ ಬರೆದೆ. ಕಾಗದದ ಮೇಲೆ ಚೆನ್ನಾಗಿತ್ತು. ಚಿಕ್ಕಪ್ಪನಿಗೆ ಕೇಳಿಸಿದರೆ ಅರ್ಧದವರೆಗೆ ‘ಇದ್ಯಾರು ಮಾತಾಡ್ತಿರೋದು?’ ಅಂತ ಕೇಳುತ್ತಲೇ ಇದ್ದರು. ಒಂದು ನಿಮಿಷದ ವಿಡಿಯೊದಲ್ಲಿ ಮಾತಾಡುತ್ತಿರುವವರು ಯಾರು ಅಂತ ತಿಳಿಯಲು ಅರ್ಧ ನಿಮಿಷ ಹೋದರೆ ಕಥೆ ಕೆಟ್ಟಿತು. ಇನ್ನೊಂದು ತೊಡಕು ಕೊನೆಯಲ್ಲಿ. ‘ಮದುವೆಗೆ ಬನ್ನಿ’ ಅಂತ ಬಾಟಲಿ ಕರೆದರೆ ಯಾರು ಬರುತ್ತಾರೆ?

ಇದೇ ಪ್ರಶ್ನೆಯಿಂದ ಉತ್ತರ ಸಿಕ್ಕಿತು. ಮದುವೆಗೆ ಕರೆಯುವುದು ಮನೆಯ ಹಿರಿಯರ ಕೆಲಸ ಅಲ್ವಾ? ಬಾಟಲಿ ತುಂಬಿದ್ದೂ ಅಜ್ಜಿ, ಬಾಟಲಿ ಹುಡುಕಿದ್ದೂ ಅಜ್ಜಿ. ಅಜ್ಜಿಯೇ ಹೇಳಲಿ. ಅಜ್ಜಿ ಹೇಳಿದರೆ ಅಮ್ಮನ ಕಸಿವಿಸಿಯೂ ಹೋಯಿತು. ಪ್ರೀತಿ, ಪ್ರೇಮ ಅನ್ನುವ ಪದ ಒಂದೂ ಬರಬಾರದು ಅಂತ ಅಮ್ಮ ಹಾಕಿದ ಷರತ್ತಿನಿಂದ ಒಳ್ಳೆಯದೇ ಆಯಿತು. ಆ ಪದ ಹಾಕಲು ಆಗದೇ ಇದ್ದುದರಿಂದ ಮೊಸರನ್ನದ ಡಬ್ಬಿಯೇ ಆ ಕೆಲಸ ಮಾಡಬೇಕಾಯಿತು.

ಒಂದು ಜಗಳ ಮಾತ್ರ ಉಳಿದಿತ್ತು. ಲಗ್ನಪತ್ರಿಕೆಯಲ್ಲಿ ‘ಗುರುಹಿರಿಯರು ನಿಶ್ಚಯಿಸಿದಂತೆ’ ಅಂತ ಇರಲೇಬೇಕು ಅಂದರು ಅಪ್ಪ. ‘ನಿಶ್ಚಯಿಸಿದ್ದು ನಾವು, ಸುಳ್ಳು ಯಾಕೆ ಹಾಕ್ತೀರಿ’ ಅಂತ ಪುಟ್ಟಿ. ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಕೊನೆಗೆ ಹುಡುಗನೇ ಫೋನಿನಲ್ಲಿ ಹೇಳಿದ: ‘ಭಾವ, ಉಪ್ಪಿನಕಾಯಿ ನಿಶ್ಚಯಿಸಿ ಗುರುಹಿರಿಯರು ಒಪ್ಪಿದಂತೆ ಅಂತ ಹಾಕಿಬಿಡಿ.’ ಅಪ್ಪ ನಕ್ಕರು. ಅಚ್ಚು ಹಾಕಿಸಿದ ಪತ್ರಿಕೆಯಲ್ಲಿ ಹಳೆಯ ವಾಕ್ಯ, ವಿಡಿಯೊದಲ್ಲಿ ಇದು.

ಕೊನೆಗೆ ನಿಂತ ಮಾತು

ಕೆಳಗಿರುವುದು ನಾಲ್ಕನೆಯ ಕರಡು. ಆವರಣದಲ್ಲಿರುವುದು ಪರದೆಯ ಮೇಲೆ ಕಾಣುವುದು.

(ಅಡುಗೆಮನೆಯ ಕಟ್ಟೆ ಮೇಲೆ ಬಾಟಲಿ. ಮೊದಲ ಕ್ಷಣದಿಂದಲೇ ದೊಡ್ಡ ಅಕ್ಷರ: ‘ಪುಟ್ಟಿಗೆ ಗಂಡು ಹುಡುಕಿದ್ದು ಯಾರು?’)

ಅಜ್ಜಿ: ನಮ್ಮ ಪುಟ್ಟಿಗೆ ಗಂಡು ಹುಡುಕಿದ್ದು ನಾವಲ್ಲ. ಈ ಬಾಟಲಿ.

(ಮುಚ್ಚಳ ತಿರುಗಿಸುವ ಕೈ.)

ಬೆಂಗಳೂರಿಗೆ ಹೊರಟಿದ್ಲು. ಮುಚ್ಚಳ ಸರಿಯಾಗಿ ಹಾಕೇ ಅಂದೆ. ಹಾಕಿದೀನಿ ಅಂದ್ಲು.

(ರೈಲಿನ ಸದ್ದು. ಬಿಳಿ ಅಂಗಿಯ ಹೆಗಲು.)

ತಿಪಟೂರಲ್ಲಿ ಒಬ್ಬ ಹುಡುಗ ಹತ್ತಿದ. ಬಿಳಿ ಅಂಗಿ. ಇವಳ ಬ್ಯಾಗಿನ ಕೆಳಗೇ ಕೂತ.

(ಒಂದು ಕೆಂಪು ಹನಿ ಬೀಳುತ್ತದೆ. ಮಾತಿಲ್ಲ.)

ಬೈತಾನೆ ಅಂತ ಇವಳು ಕಣ್ಣು ಮುಚ್ಕೊಂಡ್ಲು. ಅವನು ಮೊಸರನ್ನದ ಡಬ್ಬಿ ತೆಗೆದ. ಚೆಲ್ಲಿದ್ದು ಚೆಲ್ತು, ಉಳಿದಿದ್ದು ಇದಕ್ಕೆ ಹಾಕಿ ಅಂದ.

(ಡಬ್ಬಿ. ಮೊಸರನ್ನದ ಮೇಲೆ ಒಂದು ಮಿಡಿ.)

ಬಾಟಲಿ ಅವನ ಜೊತೆ ಹೋಯ್ತು. ವಾಪಸ್ ಬಂದಾಗ ಕೊಬ್ಬರಿ ಮಿಠಾಯಿ. ಪಾತ್ರೆ ಖಾಲಿ ಕೊಡಬಾರದು ಅಂದ್ರಂತೆ ಅವರಮ್ಮ.

(ಅದೇ ಬಾಟಲಿ: ಮಿಠಾಯಿ, ಚಕ್ಕುಲಿ, ಹಪ್ಪಳದ ಚೂರು. ಒಂದಾದ ಮೇಲೆ ಒಂದು.)

ನಮ್ಮನೇಲೂ ಖಾಲಿ ಕೊಡೋದಿಲ್ಲ. ಎರಡು ವರ್ಷ ಓಡಾಡ್ತು. ಕೊನೆಗೆ ನಾನೇ ಕೇಳಿದೆ, ಬಾಟಲಿ ಯಾರ ಮನೇಲಿದೆಯೇ?

(ಪುಟ್ಟಿ ಮತ್ತು ಹುಡುಗ ಇಬ್ಬರೂ ಬಾಟಲಿ ಹಿಡಿದು ನಿಂತಿದ್ದಾರೆ. ಒಳಗೆ ಅಕ್ಷತೆ.)

ಈಗ ಅದರಲ್ಲಿ ಅಕ್ಷತೆ ತುಂಬಿದೀವಿ. ಕರೆಯೋಕೆ ಮನೆಗೇ ಬರ್ತೀವಿ. ದಿನ ಮಾತ್ರ ಈಗಲೇ ಬಿಡುವು ಮಾಡ್ಕೊಳ್ಳಿ.

(ನಿಂತ ಚಿತ್ರ, 8 ಸೆಕೆಂಡ್: ‘ಉಪ್ಪಿನಕಾಯಿ ನಿಶ್ಚಯಿಸಿ, ಗುರುಹಿರಿಯರು ಒಪ್ಪಿದಂತೆ’, ಇಬ್ಬರ ಹೆಸರು, ದಿನ, ಊರು.)

‘ಕರೆಯೋಕೆ ಮನೆಗೇ ಬರ್ತೀವಿ’ ಅನ್ನುವುದು ಅಜ್ಜಿ ಸೇರಿಸಿದ್ದು. ಫೋನಿಗೆ ಕಳಿಸಿ ಕೈ ತೊಳೆದುಕೊಂಡರು ಅಂತ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. ‘ಫೋನಲ್ಲಿ ಕುಂಕುಮ ಕೊಡೋಕಾಗುತ್ತೇನೋ?’ ಅಂತ ನನ್ನನ್ನೇ ಕೇಳಿದರು. ಆ ಒಂದು ಮಾತು ಇಲ್ಲದೇ ಹೋಗಿದ್ದರೆ ವಿಡಿಯೊದಿಂದ ಒಳ್ಳೆಯದಕ್ಕಿಂತ ಕೆಟ್ಟದೇ ಜಾಸ್ತಿ ಆಗುತ್ತಿತ್ತೇನೋ.

ಮುಹೂರ್ತದ ಗಂಟೆ, ಮಂಟಪದ ದಾರಿ, ಫೋನ್ ನಂಬರ್ ಯಾವುದನ್ನೂ ವಿಡಿಯೊದೊಳಗೆ ಹಾಕಲಿಲ್ಲ. ವಿಡಿಯೊದೊಳಗಿನ ಮ್ಯಾಪ್ ಕೊಂಡಿಯನ್ನು ಒತ್ತಲು ಆಗುವುದಿಲ್ಲ. ಗಂಟೆ ಬದಲಾದರೆ ನೂರಾರು ಫೋನಿನಲ್ಲಿ ಕೂತಿರುವ ಫೈಲನ್ನು ತಿದ್ದಲೂ ಆಗುವುದಿಲ್ಲ. ಅವನ್ನೆಲ್ಲ ವಿಡಿಯೊ ಹಿಂದೆಯೇ ಒಂದು ಬರಹದ ಮೆಸೇಜಾಗಿ ಕಳಿಸುವುದು ಅಂತ ತೀರ್ಮಾನ ಆಯಿತು.

ಅಜ್ಜಿಯ ಧ್ವನಿ

ಕಾಗದ ಕೊಟ್ಟು ‘ಓದಿ ಅಜ್ಜಿ’ ಅಂದೆ. ಶಾಲೆಯಲ್ಲಿ ಪಾಠ ಓದಿದ ಹಾಗೆ ಓದಿದರು. ಪ್ರತಿ ವಾಕ್ಯದ ಕೊನೆಗೂ ಒಂದೇ ರಾಗ. ಕಾಗದ ಕಿತ್ತುಕೊಂಡೆ. ಮರುದಿನ ಮಧ್ಯಾಹ್ನ ಅವರು ವೀಳ್ಯ ಮಡಿಸುತ್ತಾ ಕೂತಿದ್ದಾಗ ಫೋನನ್ನು ಒಂದು ಗೇಣು ದೂರದಲ್ಲಿ ದಿಂಬಿನ ಮೇಲೆ ಇಟ್ಟು, ಸುಮ್ನೆ ಪ್ರಶ್ನೆ ಕೇಳಿದೆ. ‘ಆ ದಿನ ಪುಟ್ಟಿ ಹೊರಟಾಗ ನೀವೇನಂದ್ರಿ?’ ‘ಮುಚ್ಚಳ ಸರಿಯಾಗಿ ಹಾಕೇ ಅಂದೆ.’ ಬಂತು! ಬೇಕಾದ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಮಾಡಿಕೊಂಡೆ. ಆಮೇಲೆ ನನ್ನ ಪ್ರಶ್ನೆಗಳನ್ನು ಕತ್ತರಿಸಿ ಹಾಕಿದೆ. ಕರಡಿನಲ್ಲಿದ್ದ ಮಾತನ್ನೇ ಕೆಲವು ಕಡೆ ಬದಲಾಯಿಸಿದರು, ನಾನು ಕರಡನ್ನೇ ತಿದ್ದಿಕೊಂಡೆ. 140 ಪದ ನೂರರ ಒಳಗೆ ಇಳಿದಿದ್ದು ಹೀಗೆ.

ಫ್ಯಾನ್ ಆರಿಸುವುದು ಮರೆಯಬಾರದು. ಮೊದಲ ಸಲ ಮರೆತು, ಮಾತಿನ ಕೆಳಗೆಲ್ಲ ಗುಂಯ್ ಅನ್ನುವ ಸದ್ದು ಉಳಿಯಿತು. ಎದುರುಗೋಡೆಗೆ ಒಂದು ಕಂಬಳಿ ನೇತುಹಾಕಿದ ಮೇಲೆ ಕೋಣೆಯ ಪ್ರತಿಧ್ವನಿಯೂ ಕಡಿಮೆಯಾಯಿತು.

ಹಿನ್ನೆಲೆಗೆ ಸಿನಿಮಾ ಹಾಡು ಬೇಕು ಅಂತ ಎಲ್ಲರೂ ಅಂದರು. ಬೇಡ ಅಂದೆ. ಅದು ನಮ್ಮ ಹಾಡಲ್ಲ, ಬೇರೆ ಕಡೆ ಏರಿಸಿದರೆ ಹಕ್ಕಿನ ತಕರಾರು ಬಂದು ಸದ್ದೇ ನಿಂತುಹೋಗಬಹುದು. ಅದಕ್ಕಿಂತ ಮುಖ್ಯ, ಚಿಕ್ಕ ಫೋನಿನ ಸ್ಪೀಕರಿನಲ್ಲಿ ಹಾಡು ಮತ್ತು ಅಜ್ಜಿ ಎರಡೂ ಒಟ್ಟಿಗೆ ಬಂದರೆ ಅಜ್ಜಿ ಕೇಳಿಸುವುದಿಲ್ಲ. ರೈಲಿನ ಗಡಗಡ ಸದ್ದು ನಾನೇ ರೆಕಾರ್ಡ್ ಮಾಡಿಕೊಂಡಿದ್ದೆ, ಕೊನೆಗೆ ದೇವರಮನೆಯ ಗಂಟೆ. ಅಷ್ಟೇ.

ಒಂದು ಹನಿ, ಮೂರು ಅಂಗಿ

ಚಿತ್ರ ತೆಗೆದಿದ್ದು ಒಂದು ಭಾನುವಾರ, ಪೂರ್ತಿ ಮನೆಯಲ್ಲೇ. ರೈಲಿನ ರ‍್ಯಾಕಿಗೆ ಹಿತ್ತಲ ಕೋಣೆಯ ಕಬ್ಬಿಣದ ಸ್ಟ್ಯಾಂಡು. ಹತ್ತಿರದಿಂದ ತೆಗೆದರೆ ಕಾಣುವುದು ಬ್ಯಾಗಿನ ಮೂಲೆ ಮತ್ತು ಎರಡು ಕಂಬಿ ಮಾತ್ರ. ಉಳಿದಿದ್ದನ್ನು ರೈಲಿನ ಸದ್ದು ತುಂಬಿಕೊಡುತ್ತದೆ. ಫೋನನ್ನು ನೆಟ್ಟಗೆ ಹಿಡಿದೇ ತೆಗೆದೆವು. ನೋಡುವವರು ಹಿಡಿಯುವುದೂ ಹಾಗೇ ತಾನೇ?

ಕಷ್ಟ ಕೊಟ್ಟಿದ್ದು ಹನಿ. ಹುಡುಗ ಆ ದಿನದ ಅಂಗಿಯನ್ನೇ ಇಟ್ಟುಕೊಂಡಿದ್ದ, ತಂದಿದ್ದ. ಆದರೆ ಎರಡು ವರ್ಷ ಒಗೆದ ಕಲೆ ಕ್ಯಾಮೆರಾದಲ್ಲಿ ಚಹಾ ಚೆಲ್ಲಿದ ಹಾಗೆ ಕಂಡಿತು. ಹಾಗಾಗಿ ಹೊಸದಾಗಿ ಚೆಲ್ಲಬೇಕಾಯಿತು, ಅಪ್ಪನ ಹಳೆಯ ಬಿಳಿ ಅಂಗಿಗಳ ಮೇಲೆ. ಮೊದಲ ಅಂಗಿಯಲ್ಲಿ ಹನಿ ಕಾಣಲೇ ಇಲ್ಲ. ರಸ ತೆಳು, ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಎರಡನೆಯದಕ್ಕೆ ಫೋನಿನ ನಿಧಾನಗತಿ ಹಾಕಿದೆ: ಸೆಕೆಂಡಿಗೆ 120 ಚಿತ್ರ ತೆಗೆದು 30ರಂತೆ ಓಡಿಸಿದರೆ ನಾಲ್ಕು ಪಟ್ಟು ನಿಧಾನ ಆಗುತ್ತದೆ. ಆದರೆ ಕೋಣೆಯ ಟ್ಯೂಬ್‌ಲೈಟಿನಲ್ಲಿ ಚಿತ್ರ ಕಪ್ಪಾಯಿತು, ಜೊತೆಗೆ ಬೆಳಕು ಮಿಣಿಮಿಣಿ ಅನ್ನತೊಡಗಿತು. ಅಷ್ಟು ವೇಗದಲ್ಲಿ ತೆಗೆದರೆ ಪ್ರತಿ ಚಿತ್ರಕ್ಕೂ ಸಿಗುವ ಬೆಳಕು ಕಡಿಮೆ, ಕರೆಂಟು ದೀಪದ ಏರಿಳಿತವೂ ಕಾಣಿಸುತ್ತದೆ. ಮೂರನೆಯ ಅಂಗಿ ಹೊತ್ತುಕೊಂಡು ಅಂಗಳಕ್ಕೆ ಹೋದೆವು. ಬಿಸಿಲಲ್ಲಿ, ಚಮಚದ ತುದಿಯಿಂದ, ಹೆಗಲಿಗಿಂತ ಒಂದು ಮೊಳ ಮೇಲಿಂದ ಬಿಟ್ಟ ಹನಿ ಸರಿಯಾಗಿ ಬಂತು. ‘ನನ್ನ ಅಂಗಿ ಇನ್ನೂ ಎಷ್ಟು ಬೇಕು?’ ಅಂತ ಅಪ್ಪ ಒಳಗಿನಿಂದ ಕೂಗಿದ್ದು ಆ ಚಿತ್ರದಲ್ಲಿ ಇದೆ, ಸದ್ದು ತೆಗೆದುಹಾಕಿದ್ದೇನೆ.

ಒತ್ತಕ್ಷರ ಮುರಿದಿದ್ದು

ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಫೋನಿನ ಒಂದು ಎಡಿಟಿಂಗ್ ಆ್ಯಪಿನಲ್ಲಿ ಬರಹ ಹಾಕಿದೆ. ಟೈಪ್ ಮಾಡುವ ಪೆಟ್ಟಿಗೆಯಲ್ಲಿ ಸರಿ ಇತ್ತು. ವಿಡಿಯೊ ಹೊರಗೆ ತೆಗೆದ ಮೇಲೆ ನೋಡಿದರೆ ‘ಉಪ್ಪಿನಕಾಯಿ’ ಹೋಗಿ ‘ಉಪ್‌ಪಿನಕಾಯಿ’ ಆಗಿತ್ತು. ‘ಅಕ್ಷತೆ’ ಇದ್ದಿದ್ದು ‘ಅಕ್‌ಷತೆ’. ಕನ್ನಡದಲ್ಲಿ ಅಕ್ಷರಗಳು ಸುಮ್ನೆ ಸಾಲಾಗಿ ನಿಲ್ಲುವುದಿಲ್ಲ, ಒಂದು ಇನ್ನೊಂದರ ಕೆಳಗೆ ಕೂರಬೇಕು. ಹಾಗೆ ಕೂರಿಸುವ ಕೆಲಸ ಆ್ಯಪಿನೊಳಗೆ ನಡೆಯದೇ ಇದ್ದರೆ ಫಾಂಟ್ ಬದಲಾಯಿಸಿದರೂ ಪ್ರಯೋಜನ ಇಲ್ಲ. ನಾನು ಮೂರು ಫಾಂಟ್ ಬದಲಾಯಿಸಿ ಒಂದು ಸಂಜೆ ಹಾಳು ಮಾಡಿಕೊಂಡೆ.

ಪರೀಕ್ಷೆ ಸುಲಭ. ಆ್ಯಪ್ ಯಾವುದೇ ಇರಲಿ, ‘ಮುಹೂರ್ತ, ಆರತಕ್ಷತೆ, ನಿಶ್ಚಯ’ ಈ ಮೂರು ಪದ ಹಾಕಿ ಎರಡು ಸೆಕೆಂಡಿನ ವಿಡಿಯೊ ಹೊರಗೆ ತೆಗೆದು ನೋಡಿ. ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿದೆಯಾ, ಒತ್ತು ಕೆಳಗೆ ಬಂದಿದೆಯಾ ಅಂತ ಆಗಲೇ ಗೊತ್ತಾಗುತ್ತದೆ. ನನ್ನದು ಸೋತಿತು. ಹಾಗಾಗಿ ಬರಹವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು, ಅದನ್ನು ವಿಡಿಯೊ ಮೇಲೆ ಅಂಟಿಸಿದೆ. ಚಿತ್ರ ಅಂದ ಮೇಲೆ ಮುರಿಯುವ ಮಾತೇ ಇಲ್ಲ. ಫಾಂಟ್ `Baloo Tamma 2`, ದುಂಡಗೆ ದಪ್ಪಗೆ ಇದೆ, ದೂರಕ್ಕೂ ಕಾಣುತ್ತದೆ.

ಇದರ ನಡುವೆ ಪ್ರೆಸ್ಸಿನವರು ಪತ್ರಿಕೆಯ ಬರಹ ಕಳಿಸಿದ್ದರು, ಅದನ್ನೇ ನಕಲು ಮಾಡೋಣ ಅಂದುಕೊಂಡೆ. ಅಂಟಿಸಿದರೆ `PÀ£ÀßqÀ` ತರಹದ ಸಾಲುಗಳು ಬಂದವು. ಹಳೆಯ ನುಡಿ ಫಾಂಟಿನ ಬರಹ, ಯೂನಿಕೋಡ್ ಅಲ್ಲ. ಇದ್ದಿದ್ದು ಆರು ಸಾಲು, ಪರಿವರ್ತಕ ಹುಡುಕುವ ಬದಲು ಮತ್ತೆ ಟೈಪ್ ಮಾಡಿದೆ.

ಅಜ್ಜಿಯ ಮಾತು ಪೂರ್ತಿ ಕೆಳಗೆ ಬರಹವಾಗಿಯೂ ಬರುತ್ತದೆ. ಆಫೀಸಿನಲ್ಲಿ, ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರು ಇರುತ್ತಾರೆ. ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಅಳೆದಿದ್ದು ಅಮ್ಮನ ಕಣ್ಣಿನಲ್ಲಿ: ಕನ್ನಡಕ ತೆಗೆದು, ಫೋನು ಕೈ ಚಾಚಿದಷ್ಟು ದೂರ ಹಿಡಿದು ಓದಬೇಕು. ಎರಡು ಸಲ ದೊಡ್ಡದು ಮಾಡಿದ ಮೇಲೆ ಓದಿದರು. ಸಾಲಿಗೆ ಮೂರು ಪದಕ್ಕಿಂತ ಜಾಸ್ತಿ ಹಿಡಿಯಲಿಲ್ಲ. ಪರದೆಯ ತೀರಾ ಮೇಲೆ, ತೀರಾ ಕೆಳಗೆ ಬರಹ ಇಡಲಿಲ್ಲ. ಬೆರಳು ತಾಗಿದ ಕೂಡಲೇ ಕಳಿಸಿದವರ ಹೆಸರು, ಓಡುವ ಪಟ್ಟಿ ಎಲ್ಲ ಅಲ್ಲೇ ಬಂದು ಕೂರುತ್ತವೆ.

90 ಎಂಬಿಯಿಂದ 9ಕ್ಕೆ

ಮೊದಲು ಹೊರಬಂದ ಫೈಲು 72 ಸೆಕೆಂಡಿಗೆ 90 ಎಂಬಿ. ವಾಟ್ಸಾಪಿನಲ್ಲಿ ಅಪ್ಪನಿಗೆ ಕಳಿಸಿದೆ. ಅದು ತಾನೇ ಹಿಂಡಿ ಸಣ್ಣದು ಮಾಡಿ ಕಳಿಸಿತು. ಅಂಗಿಯ ಬಿಳಿಯಲ್ಲಿ ಚೌಕ ಚೌಕ ಕಲೆ, ಅಕ್ಷರದ ಅಂಚೆಲ್ಲ ಕೊಳೆ. ಹೇಗೂ ಹಿಂಡುತ್ತದೆ ಅಂದ ಮೇಲೆ ನಾವೇ ನೋಡಿಕೊಂಡು ಹಿಂಡುವುದು ಒಳ್ಳೆಯದು, ಅದಕ್ಕೆ ಮಾಡಲು ಕಡಿಮೆ ಕೆಲಸ ಉಳಿಯುತ್ತದೆ.

```
ffmpeg -i patrike.mp4 -vf scale=720:1280 \
 -c:v libx264 -crf 26 -preset slow -pix_fmt yuv420p \
 -c:a aac -b:a 96k -movflags +faststart maduve.mp4
```

ಅಗಲ 1080ರಿಂದ 720ಕ್ಕೆ ಇಳಿಯಿತು. ಅಂಗೈಯಷ್ಟು ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. `crf` ಸಂಖ್ಯೆ ಜಾಸ್ತಿ ಆದಷ್ಟೂ ಫೈಲು ಸಣ್ಣದು, ಚಿತ್ರ ಒರಟು. 30 ಹಾಕಿದಾಗ ಕೆಂಪು ಹನಿಯ ಅಂಚು ಕದಡಿತು, 26ಕ್ಕೆ ನಿಲ್ಲಿಸಿದೆ. `yuv420p` ಹಳೆಯ ಫೋನುಗಳಿಗಾಗಿ. ಬಂದಿದ್ದು 9 ಎಂಬಿ. ದೊಡ್ಡಪ್ಪನ ಹಳೆಯ ಫೋನಿನಲ್ಲಿ ನಾನೇ ಒತ್ತಿ ನೋಡಿದಾಗ ನಿಲ್ಲದೆ ಓಡಿತು.

ಆದರೆ ಅಲ್ಲೇ ಇನ್ನೊಂದು ತಪ್ಪು ಸಿಕ್ಕಿತು. ಚಾಟಿನಲ್ಲಿ ವಿಡಿಯೊ ಒಂದು ಕಪ್ಪು ಚೌಕವಾಗಿ ಕಾಣುತ್ತಿತ್ತು. ನಾನು ಅಂದಕ್ಕೆ ಅಂತ ಶುರುವಿನಲ್ಲಿ ಕತ್ತಲಿನಿಂದ ನಿಧಾನವಾಗಿ ಬೆಳಕು ಬರುವ ಹಾಗೆ ಮಾಡಿದ್ದೆ. ಫೋನು ಮೊದಲ ಚಿತ್ರವನ್ನೇ ಮುಖಪುಟ ಮಾಡಿಕೊಂಡಿತ್ತು. ‘ಏನೋ ಬಂದಿತ್ತು, ಕಪ್ಪಗಿತ್ತು, ತೆಗೀಲಿಲ್ಲ’ ಅಂದರು ದೊಡ್ಡಪ್ಪ. ಕತ್ತಲು ಕಿತ್ತುಹಾಕಿ, ಮೊದಲ ಕ್ಷಣದಿಂದಲೇ ಬಾಟಲಿ ಮತ್ತು ಪ್ರಶ್ನೆ ಇರುವ ಹಾಗೆ ಮಾಡಿದೆ. ಎಷ್ಟೋ ಜನರ ಫೋನು ಡೇಟಾದಲ್ಲಿ ವಿಡಿಯೊವನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಆ ಒಂದು ಮಸುಕು ಚಿತ್ರ ನೋಡಿಯೇ ಒತ್ತಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ.

ಕಳಿಸಿದ್ದು

ನನ್ನ ಫೋನಿನಿಂದ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸಿದೆ. ಒಂದು ಪಟ್ಟಿಯಲ್ಲಿ 256 ಜನ ಹಿಡಿಯುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬಂದ ಹಾಗೆ ಕಾಣುತ್ತದೆ. ಒಂದು ದಿನ ಕಳೆದರೂ ಅರ್ಧಕ್ಕರ್ಧ ಜನರಿಗೆ ತಲುಪಲೇ ಇಲ್ಲ. ನಮ್ಮ ನಂಬರ್ ಯಾರ ಫೋನಿನಲ್ಲಿ ಸೇವ್ ಆಗಿದೆಯೋ ಅವರಿಗೆ ಮಾತ್ರ ಹೋಗುವುದು. ನೆಂಟರ ಫೋನಿನಲ್ಲಿ ಇರುವುದು ಅಪ್ಪನ ನಂಬರ್, ನನ್ನದಲ್ಲ! ಅಪ್ಪನ ಫೋನಿನಲ್ಲಿ ಪಟ್ಟಿ ಮಾಡಿದ ಮೇಲೆ ಸರಿಹೋಯಿತು. ಅಮ್ಮನ ಕಡೆಯವರಿಗೆ ಅಮ್ಮನ ಫೋನಿನಿಂದ.

ಫಾರ್ವರ್ಡ್ ಮಾಡದೆ ಗ್ಯಾಲರಿಯಿಂದಲೇ ತೆಗೆದು ಹಾಕಿ ಅಂತ ಇಬ್ಬರಿಗೂ ಹೇಳಿಕೊಟ್ಟೆ. ಫಾರ್ವರ್ಡ್ ಆದರೆ ಒಂದು ಸಲಕ್ಕೆ ಐದು ಕಡೆ ಮಾತ್ರ ಹೋಗುತ್ತದೆ. ಕೈಯಿಂದ ಕೈಗೆ ದಾಟಿದ್ದು ಜಾಸ್ತಿಯಾದರೆ ಎರಡು ಬಾಣದ ಗುರುತು ಬೀಳುತ್ತದೆ, ಆಮೇಲೆ ಒಂದು ಸಲಕ್ಕೆ ಒಂದೇ ಕಡೆ. ಆ ಗುರುತು ಕಂಡರೆ ಜನ ಬೆಳಗಿನ ಶುಭೋದಯದ ಜೊತೆ ಸೇರಿಸಿ ಅಳಿಸಿಬಿಡುತ್ತಾರೆ.

ಯೂಟ್ಯೂಬಿಗೆ ಏರಿಸಿ ಕೊಂಡಿ ಕಳಿಸು ಅಂತ ಗೆಳೆಯನೊಬ್ಬ ಹೇಳಿದ್ದ. ಮಾಡದೇ ಇದ್ದಿದ್ದು ಒಳ್ಳೆಯದಾಯಿತು. ಹೊಸನಗರದ ಆಚೆ ಅಪ್ಪನ ಸೋದರಮಾವನ ಮನೆಗೆ ಕರೆಯಲು ಹೋದಾಗ ಅಲ್ಲಿ ನೆಟ್‌ವರ್ಕ್ ಒಂದು ಕಡ್ಡಿಯೂ ಇರಲಿಲ್ಲ. ಫೈಲು ಅಪ್ಪನ ಫೋನಿನಲ್ಲೇ ಇತ್ತು. ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, ಜಗಲಿಯಲ್ಲಿ ಕೂತು ತೋರಿಸಿದರು. ಅಜ್ಜ ಎರಡು ಸಲ ನೋಡಿದರು. ಮೊಸರನ್ನದ ಹತ್ತಿರ ಬಂದಾಗ ಅಪ್ಪನ ಕೈ ಹಿಡಿದು ನಿಲ್ಲಿಸಿ, ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ಕೇಳಿದರಂತೆ: ‘ಇದು ಜೀರಿಗೆ ಮಿಡಿ ಅಲ್ವಾ? ಯಾವ ಮರದ್ದು?’